½kx² ಆಮೇಲೆ ಬರಲಿ, ಮೊದಲು ತುಂಡು ಮಾಡಿ ಕೂಡಿಸಿ

ಫಸ್ಟ್ ಪಿಯುಸಿ ಫಿಸಿಕ್ಸ್‌ನಲ್ಲಿ ಸ್ಪ್ರಿಂಗ್ ಎಳೆಯುವ ಲೆಕ್ಕ ಬರುತ್ತದೆ. ಅದಕ್ಕೆ ಇಂಟಿಗ್ರೇಷನ್ ಬೇಕು. ಆದರೆ ಮ್ಯಾಥ್ಸ್‌ನಲ್ಲಿ ಇಂಟಿಗ್ರೇಷನ್ ಶುರುವಾಗುವುದೇ ಸೆಕೆಂಡ್ ಪಿಯುಸಿಯಲ್ಲಿ. ತುಮಕೂರಿನಲ್ಲಿ ಸಂಜೆ ಹೊತ್ತು ನನ್ನ ಹತ್ತಿರ ಪಾಠಕ್ಕೆ ಬರುವ ಮಕ್ಕಳು ಕೇಳುವುದು ಒಂದೇ ಮಾತು: "ಸಾರ್, ಆ ಉದ್ದ ಎಸ್ ಬಿಡಿ, ½kx² ಫಾರ್ಮುಲಾ ಕೊಡಿ." ಎಷ್ಟೋ ಕಡೆ ಕೊಟ್ಟೂ ಬಿಡುತ್ತಾರೆ. ನನ್ನ ಮಟ್ಟಿಗೆ ಇದು ತಪ್ಪು. ಇಂಟಿಗ್ರೇಷನ್ ಗೊತ್ತಿಲ್ಲದ ಮಗು ಕೂಡ ಈ ಲೆಕ್ಕವನ್ನು ಬರೀ ಕೂಡಿಸಿ ಮಾಡಬಹುದು. ಹಾಗೆ ಮಾಡಿದ ಮಗುವಿಗೆ ಆ ಉದ್ದ ಎಸ್, ಅಂದರೆ ಇಂಟಿಗ್ರೇಷನ್ನಿನ ∫ ಗುರುತು, ಯಾಕೆ ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ಬಲ ಒಂದೇ ಸಮ ಇದ್ದರೆ ಕೆಲಸ ಅಂದರೆ ಬಲ ಗುಣಿಸು ದೂರ, ಅಷ್ಟೇ. ಸ್ಪ್ರಿಂಗ್ ಹಾಗಲ್ಲ. ನಮ್ಮೂರಿನಲ್ಲೇ ತಯಾರಾಗುತ್ತಿದ್ದ ಎಚ್‌ಎಂಟಿ ವಾಚಿಗೆ ಕೀ ಕೊಟ್ಟವರಿಗೆ ಇದು ಬೆರಳಿಗೇ ಗೊತ್ತು. ಮೊದಲು ಸಲೀಸು, ಕೊನೆಗೆ ಬಿಗಿ. ಬಲವೇ ಬದಲಾಗುತ್ತಾ ಹೋದರೆ ಯಾವ ಬಲವನ್ನು ದೂರದಿಂದ ಗುಣಿಸಬೇಕು?

ಒಂದು ಲೆಕ್ಕ ನೋಡೋಣ. ಸ್ಪ್ರಿಂಗಿನ ಸಹಜ ಉದ್ದ 20 ಸೆಂಟಿಮೀಟರ್. k ಬೆಲೆ ಮೀಟರಿಗೆ 50 ನ್ಯೂಟನ್. ಅಂದರೆ ಒಂದು ಸೆಂಟಿಮೀಟರ್ ಹಿಗ್ಗಿಸಲು ಅರ್ಧ ನ್ಯೂಟನ್ ಬೇಕು. ಅದು ಈಗಾಗಲೇ 30 ಸೆಂಟಿಮೀಟರಿಗೆ ಹಿಗ್ಗಿದೆ, ಅದನ್ನು 40ಕ್ಕೆ ಎಳೆಯಬೇಕು. ಎಷ್ಟು ಕೆಲಸ?

ಶುರುವಿನಲ್ಲಿ ಬಲ 5 ನ್ಯೂಟನ್, ಕೊನೆಯಲ್ಲಿ 10. ಈ ಹತ್ತು ಸೆಂಟಿಮೀಟರನ್ನು ಹತ್ತು ತುಂಡು ಮಾಡಿ. ಪ್ರತಿ ತುಂಡಿನೊಳಗೆ ಬಲ ಹೆಚ್ಚು ಬದಲಾಗುವುದಿಲ್ಲ. ತುಂಡಿನ ಶುರುವಿನ ಬಲವನ್ನೇ ಹಿಡಿದರೆ 5, 5.5, 6 ಅಂತ 9.5ರವರೆಗೆ. ಕೂಡಿಸಿದರೆ 72.5, ಅದನ್ನು 0.01 ಮೀಟರಿನಿಂದ ಗುಣಿಸಿದರೆ 0.725 ಜೂಲ್. ಇದು ನಿಜಕ್ಕಿಂತ ಸ್ವಲ್ಪ ಕಡಿಮೆ. ತುಂಡಿನ ಕೊನೆಯ ಬಲ ಹಿಡಿದರೆ 0.775, ಸ್ವಲ್ಪ ಜಾಸ್ತಿ. ನಿಜವಾದ ಉತ್ತರ ಇವೆರಡರ ನಡುವೆ ಸಿಕ್ಕಿಬಿದ್ದಿದೆ. ನೂರು ತುಂಡು ಮಾಡಿದರೆ ಈ ಅಂತರ 0.05ರಿಂದ 0.005ಕ್ಕೆ ಇಳಿಯುತ್ತದೆ. ತುಂಡು ಸಣ್ಣದಾದಷ್ಟೂ ಎರಡೂ ಕಡೆಯಿಂದ 0.75ಕ್ಕೆ ಹತ್ತಿರ ಬರುತ್ತವೆ. ಇದನ್ನೇ ಚುಟುಕಾಗಿ ಬರೆದರೆ:

W = ∫ 50x dx, x = 0.10ರಿಂದ 0.20ರವರೆಗೆ = 25(0.04 − 0.01) = 0.75 ಜೂಲ್

x ಅಂದರೆ ಸಹಜ ಉದ್ದದಿಂದ ಎಷ್ಟು ಹಿಗ್ಗಿದೆ ಅನ್ನುವುದು, dx ಅಂದರೆ ಆ ಸಣ್ಣ ತುಂಡು, 50x ಅಂದರೆ ಆ ತುಂಡಿನಲ್ಲಿರುವ ಬಲ. ಉದ್ದ ಎಸ್ ಅಂದರೆ ಕೂಡಿಸು.

ಬರೀ ಫಾರ್ಮುಲಾ ಹಿಡಿದು ಹೋದ ಮಕ್ಕಳು ಇಲ್ಲಿ ಎರಡು ಕಡೆ ಎಡವುತ್ತಾರೆ. ಕೆಲವರು ಹೊಸದಾಗಿ ಎಳೆದ 10 ಸೆಂಟಿಮೀಟರನ್ನೇ x ಅಂದುಕೊಂಡು ½kx²ಗೆ ಹಾಕಿ 0.25 ಅನ್ನುತ್ತಾರೆ. ಅದು ಸಹಜ ಉದ್ದದಿಂದ ಮೊದಲ ಹತ್ತು ಸೆಂಟಿಮೀಟರ್ ಎಳೆಯುವ ಕೆಲಸ. ಎರಡನೇ ಹತ್ತಕ್ಕೆ ಅದರ ಮೂರರಷ್ಟು ಬೇಕು. ಇನ್ನು ಕೆಲವರು ಸ್ಪ್ರಿಂಗಿನ ಪೂರ್ತಿ ಉದ್ದವನ್ನೇ ಹಾಕಿ, 0.30ರಿಂದ 0.40 ಅಂತ ತಗೊಂಡು 1.75 ತರುತ್ತಾರೆ. x ಅಳೆಯಬೇಕಾದ್ದು ಸಹಜ ಉದ್ದದಿಂದ, ಸ್ಪ್ರಿಂಗ್ ಸಿಕ್ಕಿಸಿದ ಮೊಳೆಯಿಂದ ಅಲ್ಲ.

ಎರಡೂ ತಪ್ಪನ್ನು ಹಿಡಿಯಲು ಒಂದೇ ಪ್ರಶ್ನೆ ಸಾಕು. ಬಲ ಎಲ್ಲೂ 5ಕ್ಕಿಂತ ಕಡಿಮೆ ಇಲ್ಲ, 10ಕ್ಕಿಂತ ಜಾಸ್ತಿ ಇಲ್ಲ. ಹಾಗಾದರೆ 0.1 ಮೀಟರಿಗೆ ಕೆಲಸ 0.5 ಮತ್ತು 1 ಜೂಲ್ ನಡುವೆಯೇ ಇರಬೇಕು, ಅಲ್ವಾ? 0.25 ಆಗಲಿ 1.75 ಆಗಲಿ ಆ ಗಡಿಯೊಳಗೆ ಬರುವುದಿಲ್ಲ.

ಇದನ್ನು ಹೇಳಿದಾಗ ಪಾಠ ಮಾಡುವ ಗೆಳೆಯರೊಬ್ಬರು ಕೇಳಿದರು: "ಸರಾಸರಿ ಬಲ 7.5, ಗುಣಿಸು 0.1. ಉತ್ತರ ಬಂತಲ್ಲ, ಇಷ್ಟೆಲ್ಲಾ ಯಾಕೆ?" ಬಂತು, ನಿಜ. ಆದರೆ ಎಷ್ಟು ಹಿಗ್ಗಿದರೆ ಎಷ್ಟು ಬಲ ಅಂತ ಬರೆದ ಗ್ರಾಫ್ ನೇರ ಗೆರೆ ಆದ್ದರಿಂದ ಬಂತು. ರಬ್ಬರ್ ಬ್ಯಾಂಡಿಗೆ ತೂಕ ನೇತುಹಾಕಿ ಗ್ರಾಫ್ ಬರೆಸಿ ನೋಡಿ, ಗೆರೆ ಬಾಗುತ್ತದೆ. ಎರಡು ತುದಿಯ ಸರಾಸರಿಯನ್ನು ಅಲ್ಲಿ ನಂಬುವ ಹಾಗಿಲ್ಲ, ½kx² ಕೂಡ ನಡೆಯುವುದಿಲ್ಲ. ಗೆರೆಯ ಕೆಳಗಿನ ಜಾಗವೇ ಕೆಲಸ, ಅದನ್ನು ತುಂಡು ತುಂಡಾಗಿ ಅಳೆದು ಕೂಡಿಸುವುದು ಮಾತ್ರ ನಡೆಯುತ್ತದೆ. ತೂಕ ಒಂದೊಂದಾಗಿ ತೆಗೆಯುತ್ತಾ ಬಂದರೆ ವಾಪಸ್ ಬರುವ ಗೆರೆ ಇನ್ನೂ ಕೆಳಗಿರುತ್ತದೆ. ನಡುವಿನ ಜಾಗದಷ್ಟು ಶಕ್ತಿ ರಬ್ಬರಿನಲ್ಲಿ ಬಿಸಿಯಾಗಿ ಹೋಗಿರುತ್ತದೆ.

ಸ್ಪ್ರಿಂಗ್‌ಗಳಲ್ಲೂ ಎಲ್ಲವೂ ಪುಸ್ತಕದ ಹಾಗೆ ಇರುವುದಿಲ್ಲ. ಸುತ್ತುಗಳು ಒಂದಕ್ಕೊಂದು ಒತ್ತಿಕೊಂಡಂತೆ ಸುತ್ತಿದ ಸ್ಪ್ರಿಂಗ್ ಸಿಗುತ್ತದೆ. ಸ್ವಲ್ಪ ಬಲ ಹಾಕುವ ತನಕ ಅದು ಅಲುಗಾಡುವುದೇ ಇಲ್ಲ. ಆ ಬಲ 1 ನ್ಯೂಟನ್ ಅಂದುಕೊಳ್ಳಿ. ಆಗ ಬಲ 50x ಅಲ್ಲ, 1 + 50x. ತುಂಡು ಮಾಡಿ ಕೂಡಿಸಲು ಕಲಿತ ಮಗು ಪ್ರತಿ ತುಂಡಿಗೂ ಆ 1 ನ್ಯೂಟನ್ ಸೇರಿಸಿ, ಅದೇ ಎಳೆತಕ್ಕೆ 0.85 ಜೂಲ್ ತರುತ್ತದೆ. ½kx² ಬಾಯಿಪಾಠ ಮಾಡಿದ ಮಗು 0.75ರಲ್ಲೇ ನಿಲ್ಲುತ್ತದೆ.