ಮೇಡಂ, ಆ ಹನ್ನೊಂದು ಲೆಟರ್

ಕಲಬುರಗಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಪ್ಲೇಸ್‌ಮೆಂಟ್ ಆಫೀಸರ್. ಅಕ್ಟೋಬರಿನಲ್ಲಿ ಬೆಂಗಳೂರಿನ ಒಂದು ಕಂಪನಿ ಬಂದು 11 ಹುಡುಗರನ್ನು ಆರಿಸಿತು. ಆಯ್ಕೆಯಾದವರ ಪಟ್ಟಿ ಮೇಲ್‌ನಲ್ಲಿ ಬಂದ ತಕ್ಷಣ ಗೇಟಿಗೆ ಫೋಟೊ ಸಮೇತ ಬ್ಯಾನರ್ ಕಟ್ಟಿದೆವು. ಈಗ ಏಪ್ರಿಲ್. ನಮ್ಮೂರ ಬಿಸಿಲಿಗೆ ಬ್ಯಾನರ್‌ನಲ್ಲಿದ್ದ ಹುಡುಗರ ಮೀಸೆಯೆಲ್ಲ ಮಾಸಿಹೋಗಿದೆ. ಆಫರ್ ಲೆಟರ್ ಮಾತ್ರ ಇಲ್ಲ.

ತೊಂದರೆ ನಮ್ಮ ನಿಯಮದಲ್ಲೂ ಇದೆ. ಒಬ್ಬರಿಗೆ ಒಂದೇ ಕೆಲಸ. ಒಮ್ಮೆ ಆಯ್ಕೆಯಾದರೆ ಬೇರೆ ಕಂಪನಿಗೆ ಕೂರುವಂತಿಲ್ಲ. ಹೀಗಾಗಿ ಅವತ್ತು ಆಯ್ಕೆಯಾಗದೆ ಅತ್ತವನಿಗೆ ಮುಂದಿನ ಕಂಪನಿ ಲೆಟರ್ ಕೊಟ್ಟಾಯಿತು. ಇವರು ಇನ್ನೂ ಬ್ಯಾನರ್‌ನಲ್ಲೇ ಇದ್ದಾರೆ!

ಆಳಂದದಿಂದ ಒಬ್ಬ ತಂದೆಯ ಫೋನು.

"ಸರ್ರ, ಹುಡುಗಂದು ಕಾಗದ ಬಂತೇನ್ರಿ?"

"ಇಲ್ರಿ, ಮೇಲ್‌ನಾಗ ಬರ್ತದ."

"ಪೋಸ್ಟ್‌ಮ್ಯಾನ್‌ಗ ಒಂದ್ ಮಾತು ಹೇಳ್ಲೇನ್ರಿ?"

ಕಂಪನಿಯ ಎಚ್ಆರ್ ಮೇಡಂಗೆ ನಾನು ಕಳಿಸಿದ್ದೆಲ್ಲ 'ಜಂಟಲ್ ರಿಮೈಂಡರ್'. ಜಂಟಲ್ ಅಂದರೆ ಯಾರೂ ಹೆದರುವುದಿಲ್ಲ, ಅಲ್ವಾ? ಕೊನೆಗೆ ಒಂದು ಮೇಲ್ ವಾಪಸ್ ಬಂತು: ಈ ವಿಳಾಸವೇ ಇಲ್ಲ. ಲಿಂಕ್ಡ್‌ಇನ್ ನೋಡಿದರೆ ಎಚ್ಆರ್ ಮೇಡಂ ಬೇರೆ ಕಂಪನಿಗೆ ಸೇರಿದ್ದಾರೆ. ಅವರಿಗೆ ಸಕಾಲಕ್ಕೆ ಆಫರ್ ಲೆಟರ್ ಸಿಕ್ಕಿತ್ತು. ಅಭಿನಂದನೆ ಹೇಳಿದೆ.

ಹೊಸ ಎಚ್ಆರ್‌ಗೆ ಬೇರೆ ಥರ ಬರೆದೆ. ಅವರಿಗೆ ನಮ್ಮ ಕಾಲೇಜೇ ಗೊತ್ತಿರಲಿಕ್ಕಿಲ್ಲ. ಅದಕ್ಕೆ ಹಳೆಯ ಆಯ್ಕೆ ಮೇಲ್ ಕೆಳಗೇ ಇಟ್ಟೆ. ಹುಡುಗರ ಹೆಸರು, 3ರಿಂದ ಶುರುವಾಗುವ ಯುನಿವರ್ಸಿಟಿ ನಂಬರ್ ಯುಎಸ್ಎನ್, ಬ್ರಾಂಚ್, ಮೊಬೈಲ್, ಸ್ವಂತ ಇಮೇಲ್ ಎಲ್ಲ ಒಂದೇ ಶೀಟಿನಲ್ಲಿ. ಲೆಟರ್ ಯಾವಾಗ, ಜಾಯಿನಿಂಗ್ ಯಾವ ತಿಂಗಳು, ತಡೆದಿದ್ದರೆ ಹಾಗಂತ ಹೇಳಿ, ಅಂದೆ. ಕೊನೆಯ ಸಾಲು: "ಶುಕ್ರವಾರದೊಳಗೆ ಉತ್ತರ ಬಾರದಿದ್ದರೆ ಇವರನ್ನು ಬೇರೆ ಕಂಪನಿಗಳ ಡ್ರೈವ್‌ಗೆ ಬಿಡುತ್ತೇವೆ."

ನಮ್ಮ ಕೈಲಿರುವ ಕೋಲು ಅದೊಂದೇ. ಆಯ್ಕೆಯ ಮೇಲ್ ಹಿಡಿದುಕೊಂಡು ಕೆಲಸ ಕೊಡಿ ಅಂತ ಜಗಳ ಮಾಡಲು ಬರುವುದಿಲ್ಲ. ಕಂಪನಿಗೇ ಪ್ರಾಜೆಕ್ಟ್ ಇಲ್ಲದಿದ್ದರೆ ಈ ಬೆದರಿಕೆಗೆ ಅವರು ಖುಷಿಯೇ ಪಡುತ್ತಾರೆ.

ಸಂಜೆಗೇ ಉತ್ತರ ಬಂತು. ನಾಲ್ವರದು "ಸದ್ಯಕ್ಕೆ ಹೋಲ್ಡ್". ಅವರನ್ನು ಮರುದಿನವೇ ಮುಂದಿನ ಡ್ರೈವ್‌ಗೆ ಹಾಕಿದೆ. ಇನ್ನು ಏಳು ಜನರ ಲೆಟರ್ ಜನವರಿಯಲ್ಲೇ ಹೋಗಿತ್ತಂತೆ! ಪೋರ್ಟಲ್ ತಾನಾಗಿ ಕಳಿಸುವ ಮೇಲ್ ಅದು. ಕಂಪನಿಯ ಹೆಸರೂ ಸರಿಯಾಗಿ ಕಾಣುವುದಿಲ್ಲ. ಏಳೂ ಜನರನ್ನು ಕೂರಿಸಿ ಸ್ಪ್ಯಾಮ್ ಫೋಲ್ಡರ್ ತೆರೆಸಿದೆ. ಒಬ್ಬನದು ಸಾಲ ಕೊಡುವವರ ಮತ್ತು ಲಾಟರಿಯವರ ಮಧ್ಯೆ ಸಿಕ್ಕಿತು. "ಸರ್, ಫ್ರಾಡ್ ಅಂದ್ಕೊಂಡಿದ್ದೆ" ಅಂದ. ಬಂದ ಲೆಟರನ್ನೇ ನಂಬದಷ್ಟು ಕಾಯಿಸಿದ್ದೆವು ಅವನನ್ನು.

ಒತ್ತಿದರೆ ಮೇಲ್‌ನಲ್ಲಿದ್ದ ಲಿಂಕ್ ತೆರೆಯಲಿಲ್ಲ. ಏಳು ದಿನದ ವಾಯಿದೆ ಯಾವಾಗಲೋ ಮುಗಿದಿತ್ತು.

ಲಿಂಕ್ ಮತ್ತೆ ಕಳಿಸಿ ಅಂತ ಬರೆಯಲು ಕೂತಿದ್ದೇನೆ. ಈ ಸಲ ಜಂಟಲ್ ಅಂತ ಹಾಕಲ್ಲ.