ನಲವತ್ತೊಂದು ಅರ್ಜಿಗಳು ಎಲ್ಲಿ ನಿಂತವು

ಕಳೆದ ಶನಿವಾರ ದಾವಣಗೆರೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದ ಅಂತಿಮ ವರ್ಷದ ವಿದ್ಯಾರ್ಥಿಗಳ ಜೊತೆ ಕೆಲಸ ಹುಡುಕುವ ಕ್ರಮದ ಬಗ್ಗೆ ಎರಡು ತಾಸು ಮಾತನಾಡಿದೆ. ಬೆಂಗಳೂರಿನ ತಯಾರಿಕಾ ಕಂಪನಿಗಳಿಗೆ ಹೊಸ ಎಂಜಿನಿಯರುಗಳನ್ನು ಆಯ್ಕೆ ಮಾಡುವ ಕೆಲಸದಲ್ಲಿ ನಾನು ಹನ್ನೊಂದು ವರ್ಷಗಳಿಂದ ಇದ್ದೇನೆ. ಅರ್ಜಿ ಬಂದು ಬೀಳುವ ಕಡೆಯಲ್ಲಿ ಕುಳಿತವನಿಗೆ ಕಾಣುವುದನ್ನು ಅರ್ಜಿ ಹಾಕುವವರಿಗೆ ಹೇಳಬೇಕೆಂಬುದು ನನ್ನ ಉದ್ದೇಶವಾಗಿತ್ತು. ಕ್ಯಾಂಪಸ್ ಸಂದರ್ಶನಗಳು ಮುಗಿಯಲು ಇನ್ನು ಆರು ವಾರಗಳಷ್ಟೇ ಉಳಿದಿದ್ದವು, ಕೋಣೆಯಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕೈಯಲ್ಲಿ ಆಫರ್ ಇರಲಿಲ್ಲ.

ಮಾತಿನ ನಡುವೆ ಎರಡನೆಯ ಬೆಂಚಿನ ಹುಡುಗನೊಬ್ಬನ ಫೋನ್ ಬಡಿದುಕೊಂಡಿತು. 080ರಿಂದ ಶುರುವಾಗುವ ನಂಬರ್ ಎಂದು ಪಕ್ಕದವನು ಹೇಳಿದ್ದರಿಂದ, ತೆಗೆದುಕೋ ಎಂದೆ. ಆ ಕಡೆಯವರು ಅವನ ಹೆಸರು ಹೇಳಿ, ಅರ್ಜಿ ಹಾಕಿದ್ದೀರಲ್ಲವೇ ಎಂದು ಕೇಳಿರಬೇಕು. ಇವನು, "ಹೌದು ಮೇಡಂ... ಯಾವ ಕಂಪನಿ ಅಂದ್ರಿ? ಯಾವ ಪೋಸ್ಟಿಗೆ ಹಾಕಿದ್ದೆ ಮೇಡಂ?" ಎಂದ. ಅರ್ಧ ನಿಮಿಷದಲ್ಲಿ ಕರೆ ಮುಗಿಯಿತು. ಮೂರು ವಾರಗಳಲ್ಲಿ ನಲವತ್ತೊಂದು ಅರ್ಜಿ ಹಾಕಿದ್ದ ಅವನಿಗೆ ಬಂದ ಮೊದಲ ಕರೆ ಅದು.

ಮುಂದಿನ ಒಂದು ತಾಸನ್ನು, ಅವನ ಒಪ್ಪಿಗೆ ಪಡೆದು, ಆ ನಲವತ್ತೊಂದು ಅರ್ಜಿಗಳಿಗೇ ಕೊಟ್ಟೆವು. ಅವನು ಮೊಬೈಲಿನಲ್ಲಿ ಒಂದೊಂದಾಗಿ ತೆರೆದು ಓದಿದ, ನಾನು ಬೋರ್ಡಿನ ಮೇಲೆ ವಿಂಗಡಿಸಿದೆ. ಹದಿನೇಳು ಜಾಹೀರಾತುಗಳು ಒಂದರಿಂದ ಮೂರು ವರ್ಷದ ಅನುಭವ ಕೇಳಿದ್ದವು. ಒಂಬತ್ತು ಕಡೆ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಮೂರರಲ್ಲೂ ಶೇಕಡಾ 60 ಇರಬೇಕೆಂಬ ಷರತ್ತಿತ್ತು. ಪದವಿಯಲ್ಲಿ ಚೆನ್ನಾಗಿ ಓದಿದ್ದ ಇವನಿಗೆ ಪಿಯುಸಿಯಲ್ಲಿ ಬಂದಿದ್ದು 57. ಇನ್ನು ಆರು, ಬೇರೆ ಬೇರೆ ಏಜೆನ್ಸಿಗಳು ಮತ್ತೆ ಮತ್ತೆ ಹಾಕಿದ ಅದೇ ಹುದ್ದೆಗಳು. ಉಳಿದದ್ದು ಒಂಬತ್ತು. ಅದರಲ್ಲೂ ಏಳಕ್ಕೆ ಅವನು ಅರ್ಜಿ ಹಾಕಿದ್ದು ಜಾಹೀರಾತು ಬಂದು ಹತ್ತು ದಿನ ಕಳೆದ ಮೇಲೆ. ನಾನು ಕೆಲಸ ಮಾಡಿದ ಕಡೆಗಳಲ್ಲಿ ಒಂದು ಟ್ರೈನಿ ಹುದ್ದೆಗೆ ಮೊದಲ ಮೂರು ನಾಲ್ಕು ದಿನಗಳಲ್ಲೇ ನೋಡಿ ಮುಗಿಸಲಾರದಷ್ಟು ರೆಸ್ಯೂಮೆಗಳು ಬಂದುಬಿಡುತ್ತವೆ, ಅವುಗಳಿಂದಲೇ ಪಟ್ಟಿ ಸಿದ್ಧವಾದರೆ ಆಮೇಲೆ ಬಂದವುಗಳನ್ನು ಯಾರೂ ತೆರೆಯುವುದಿಲ್ಲ.

ಹಾಗಾಗಿ ಸರಿಯಾದ ಹುದ್ದೆಗೆ ಸರಿಯಾದ ವೇಳೆಯಲ್ಲಿ ಹೋದ ಅರ್ಜಿಗಳು ಎರಡೇ ಎರಡು. ಆಗಷ್ಟೇ ಬಂದಿದ್ದ ಕರೆ ಆ ಎರಡರಲ್ಲಿ ಒಂದಕ್ಕೆ ಬಂದದ್ದು. ನಲವತ್ತೊಂದರಲ್ಲಿ ಒಂದು ಎಂದುಕೊಂಡು ಅವನು ತನ್ನ ಮೇಲಿನ ನಂಬಿಕೆಯನ್ನೇ ಕಳೆದುಕೊಂಡಿದ್ದ. ಎರಡರಲ್ಲಿ ಒಂದು ಎಂಬುದು ಬೋರ್ಡಿನ ಮೇಲೆ ಬರೆದಾಗಲಷ್ಟೇ ಅವನಿಗೆ ಕಂಡಿತು.

ಇದನ್ನು ತಡೆಯಲು ಬೇಕಾದದ್ದು ಒಂದು ಲೆಕ್ಕದ ಪುಸ್ತಕ. ಎಕ್ಸೆಲ್ ಹಾಳೆಯಾದರೂ ಆಗುತ್ತದೆ, ಇನ್ನೂರು ಪುಟದ ನೋಟ್‌ಬುಕ್ಕಾದರೂ ಆಗುತ್ತದೆ. ಕಂಪನಿಯ ಹೆಸರು, ಜಾಹೀರಾತಿನಲ್ಲಿ ಇದ್ದಂತೆಯೇ ಹುದ್ದೆಯ ಹೆಸರು, ಅದು ಪ್ರಕಟವಾದ ದಿನ, ಅರ್ಜಿ ಹಾಕಿದ ದಿನ, ಸುದ್ದಿ ಎಲ್ಲಿಂದ ಸಿಕ್ಕಿತು, ಯಾವ ರೆಸ್ಯೂಮೆ ಕಳಿಸಿದ್ದು, ಮುಂದೆ ಏನು ಮಾಡಬೇಕು ಮತ್ತು ಯಾವ ದಿನ: ಇಷ್ಟು ಕಾಲಂ ಸಾಕು. ಪ್ರಕಟವಾದ ದಿನದ ಕಾಲಂ ತುಂಬುವ ಅಭ್ಯಾಸವಾದರೆ ಹಳೆಯ ಜಾಹೀರಾತಿಗೆ ಸಮಯ ಕೊಡುವುದು ತಾನಾಗಿ ಕಡಿಮೆಯಾಗುತ್ತದೆ. ಇದರ ಜೊತೆಗೆ ಜಾಹೀರಾತಿನ ಪೂರ್ತಿ ಪಠ್ಯವನ್ನು ನಕಲು ಮಾಡಿ ಇಟ್ಟುಕೊಳ್ಳಲೇಬೇಕು, ಏಕೆಂದರೆ ಅರ್ಜಿ ಸ್ವೀಕಾರ ನಿಂತ ಮೇಲೆ ಕಂಪನಿಗಳು ಅದನ್ನು ತೆಗೆದುಹಾಕುವುದುಂಟು. ಸಂದರ್ಶನದ ಹಿಂದಿನ ರಾತ್ರಿ ಅವರು ಕೇಳಿದ್ದೇನು ಎಂದು ಓದಲು ಹೋದರೆ ಪುಟವೇ ಇರುವುದಿಲ್ಲ.

ಕೊನೆಯ ಕಾಲಂ ಬಗ್ಗೆ ವಿದ್ಯಾರ್ಥಿಗಳು ಹೆಚ್ಚು ಕೇಳಿದರು. ಅರ್ಜಿ ಹಾಕಿದ ಏಳನೆಯ ದಿನ ಒಂದು ಚಿಕ್ಕ ಮೇಲ್ ಕಳಿಸಿ, ಹುದ್ದೆಯ ಹೆಸರು ಮತ್ತು ಅರ್ಜಿ ಹಾಕಿದ ದಿನಾಂಕವನ್ನು ವಿಷಯದ ಸಾಲಿನಲ್ಲೇ ಬರೆಯಿರಿ. ಇನ್ನೊಂದು ವಾರ ಕಾದು, ಉತ್ತರವಿಲ್ಲದಿದ್ದರೆ ಆ ಸಾಲನ್ನು ಮುಚ್ಚಿಬಿಡಿ. ನೋಂದಣಿಗೆಂದೋ ತರಬೇತಿಗೆಂದೋ ಹಣ ಕೇಳಿದವರ ಸಾಲನ್ನು ಅದೇ ಕ್ಷಣ ಮುಚ್ಚಬೇಕು.

ಪುಸ್ತಕ ಬರೆದಿಟ್ಟರೆ ಸಾಲದು, ವಾರಕ್ಕೊಮ್ಮೆ ಕುಳಿತು ಓದಬೇಕು, ಅರ್ಜಿಗಳು ಎಲ್ಲಿ ನಿಲ್ಲುತ್ತಿವೆ ಎಂಬುದನ್ನು ನೋಡಬೇಕು. ಅರ್ಹತೆ ಸರಿಯಿದ್ದು, ಸಕಾಲಕ್ಕೆ ಹೋದ ಹದಿನೈದು ಅರ್ಜಿಗಳಿಗೆ ಒಂದು ಕರೆಯೂ ಬಾರದಿದ್ದರೆ ದೋಷವನ್ನು ರೆಸ್ಯೂಮೆಯಲ್ಲಿ ಹುಡುಕಿ. ಪರೀಕ್ಷೆಯವರೆಗೆ ಹೋಗಿ ಅಲ್ಲೇ ನಿಲ್ಲುತ್ತಿದ್ದರೆ ರೆಸ್ಯೂಮೆ ತಿದ್ದುತ್ತ ಕೂರದೆ ಆಪ್ಟಿಟ್ಯೂಡ್ ಅಭ್ಯಾಸ ಮಾಡಿ. ಸಂದರ್ಶನ ಮುಗಿಸಿ ಬಂದ ಮೇಲೆ ಮೌನವಾದರೆ, ಹೆಚ್ಚಿನ ಸಲ ನಾನು ಕಂಡಿರುವ ಕಾರಣ ಪ್ರಾಜೆಕ್ಟ್: ನಾಲ್ವರು ಸೇರಿ ಮಾಡಿದ್ದರಲ್ಲಿ ತನ್ನ ಕೈಯಿಂದ ಆದದ್ದು ಯಾವುದು, ಆ ಅಳತೆಯನ್ನೇ ಏಕೆ ಇಟ್ಟುಕೊಂಡೆವು ಎಂದು ಹೇಳಲಾಗದೆ ತಡವರಿಸುವುದು. ಐದಾರು ಸಾಲುಗಳನ್ನು ನೋಡಿ ಮಾತ್ರ ಯಾವ ತೀರ್ಮಾನಕ್ಕೂ ಬರಬೇಡಿ. ಅಷ್ಟರಲ್ಲಿ ಏನೂ ತಿಳಿಯುವುದಿಲ್ಲ.

ರೆಸ್ಯೂಮೆಯ ಒಂದು ತೊಂದರೆಯನ್ನು ಅಲ್ಲೇ ಮಾಡಿ ತೋರಿಸಿದೆ. ಒಬ್ಬ ವಿದ್ಯಾರ್ಥಿನಿಯ ಪಿಡಿಎಫ್ ತೆರೆದು, ಪೂರ್ತಿ ಆಯ್ದು, ನೋಟ್‌ಪ್ಯಾಡಿನಲ್ಲಿ ಅಂಟಿಸಿದೆವು. ನೋಡಲು ಅಂದವಾಗಿದ್ದ ಎರಡು ಕಾಲಂಗಳ ವಿನ್ಯಾಸ ಕಲಸಿಹೋಗಿ, ಅವಳ ಇಂಟರ್ನ್‌ಶಿಪ್ಪಿನ ಸಾಲಿನ ನಡುವೆ ಅವಳಿಗೆ ಬರುವ ಭಾಷೆಗಳ ಹೆಸರು ಸೇರಿಕೊಂಡಿತ್ತು. ಸಾಲಿಡ್‌ವರ್ಕ್ಸ್ ಎಷ್ಟು ಬರುತ್ತದೆ ಎಂದು ತೋರಿಸುವ ಐದು ಚುಕ್ಕಿಗಳು ಮಾಯವಾಗಿದ್ದವು. ರೆಸ್ಯೂಮೆಗಳನ್ನು ಮೊದಲು ತಂತ್ರಾಂಶ ಓದುವ ಕಂಪನಿಗಳಿಗೆ ಅದು ಹೀಗೇ ಕಾಣುವ ಸಾಧ್ಯತೆ ಇದೆ. ಒಂದೇ ಕಾಲಂ, ಒಂದೇ ಪುಟ ಇಟ್ಟರೆ ಈ ಅಪಾಯ ತಪ್ಪುತ್ತದೆ.

ಪೀಣ್ಯದ ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ಅನೇಕವು ದಾವಣಗೆರೆಯವರೆಗೆ ಕ್ಯಾಂಪಸ್‌ಗೆ ಬರುವುದಿಲ್ಲ. ಅವರಿಗೆ ಒಮ್ಮೆಗೆ ಬೇಕಾಗುವುದು ಇಬ್ಬರೋ ಮೂವರೋ, ಆ ಸುದ್ದಿ ಒಳಗಿದ್ದವರ ಮೂಲಕವೇ ಹರಡುತ್ತದೆ. ಆದ್ದರಿಂದ ಪುಸ್ತಕದ ಮೂರನೆಯ ಒಂದು ಭಾಗವಾದರೂ ಸೀನಿಯರ್‌ಗಳಿಂದ ಬಂದ ಸಾಲುಗಳಾಗಿರಲಿ. "ಅಣ್ಣ, ಏನಾದ್ರೂ ಕೆಲಸ ಇದ್ರೆ ಹೇಳು" ಎಂದು ಕೇಳಿದರೆ ಅವರಿಗೆ ಹೇಳಲು ಏನೂ ಹೊಳೆಯುವುದಿಲ್ಲ. ನಿಮ್ಮಲ್ಲಿ ಹೊಸಬರನ್ನು ಯಾವ ವಿಭಾಗ ತೆಗೆದುಕೊಳ್ಳುತ್ತದೆ, ಸಾಮಾನ್ಯವಾಗಿ ಯಾವ ತಿಂಗಳು, ರೆಸ್ಯೂಮೆ ಯಾರ ಕೈಗೆ ಹೋಗಬೇಕು ಎಂದು ಕೇಳಿದರೆ ಎರಡು ನಿಮಿಷದಲ್ಲಿ ಉತ್ತರಿಸುತ್ತಾರೆ. ವಾಕ್-ಇನ್ ಇದ್ದರೆ ಹಿಂದಿನ ದಿನವೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಬೇಕು. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಗಿನ ಜಾವ ಗೊರಗುಂಟೆಪಾಳ್ಯದಲ್ಲಿ ಇಳಿದು, ಗೇಟಿನಲ್ಲಿ "ನಿನ್ನೆಯೇ ಮುಗೀತು" ಎಂದು ಕೇಳಿ ಮರಳಿದ ನಮ್ಮೂರಿನ ಮಕ್ಕಳನ್ನು ನಾನು ಕಂಡಿದ್ದೇನೆ, ಆ ಖರ್ಚು ಅವರ ಮನೆಗೆ ಸಣ್ಣದಲ್ಲ.

ಫಲಿತಾಂಶ ಬಂದ ಮೇಲೂ ಕೈಯಲ್ಲಿ ಏನೂ ಇಲ್ಲದಿದ್ದರೆ ಕೇಂದ್ರ ಸರ್ಕಾರದ ಅಪ್ರೆಂಟಿಸ್ ತರಬೇತಿಯ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳುವುದು ಒಳ್ಳೆಯ ದಾರಿ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಸಿಗುತ್ತದೆ, ಆದರೆ ತರಬೇತಿ ಮುಗಿದ ಮೇಲೆ ಕಂಪನಿ ನಿಮ್ಮನ್ನು ಉಳಿಸಿಕೊಳ್ಳಲೇಬೇಕೆಂಬ ಕಟ್ಟಳೆ ಇಲ್ಲ ಎಂಬುದನ್ನು ತಿಳಿದೇ ಸೇರಬೇಕು.

ಆ ಹುಡುಗನಿಗೆ ಸೋಮವಾರ ಹತ್ತೂವರೆಗೆ ಅದೇ 080 ನಂಬರಿಗೆ ಮರಳಿ ಕರೆ ಮಾಡಲು ಹೇಳಿದ್ದೆ. ಹೆಸರು, ಹುದ್ದೆ, ಅರ್ಜಿ ಹಾಕಿದ ದಿನಾಂಕ ಮೂರನ್ನೂ ಮೊದಲ ವಾಕ್ಯದಲ್ಲೇ ಹೇಳು, ಶನಿವಾರದ್ದಕ್ಕೆ ಒಮ್ಮೆ ಕ್ಷಮೆ ಕೇಳು ಎಂದಿದ್ದೆ. ಮಧ್ಯಾಹ್ನ ಅವನು ನೋಟ್‌ಬುಕ್ಕಿನ ಫೋಟೋ ಕಳಿಸಿದ. ಸ್ಕೇಲಿಟ್ಟು ಗೆರೆ ಹೊಡೆದ ಪುಟದಲ್ಲಿ ನಲವತ್ತೊಂದರ ಬದಲು ಒಂಬತ್ತೇ ಸಾಲುಗಳಿದ್ದವು, ಅವುಗಳಲ್ಲಿ ಏಳನ್ನು ಅವನೇ ಅಡ್ಡಗೆರೆ ಎಳೆದು ಮುಚ್ಚಿದ್ದ. ಮೊದಲ ಸಾಲಿನ ಕೊನೆಯ ಕಾಲಂನಲ್ಲಿ, "ಗುರುವಾರ, 10 ಗಂಟೆ, ಪೀಣ್ಯ ಎರಡನೇ ಹಂತ, ಮಾರ್ಕ್ಸ್ ಕಾರ್ಡ್ ಒರಿಜಿನಲ್ ಬೇಕು" ಎಂದು ಬರೆದಿತ್ತು.