ಪಾತ್ರೆ ಕಪ್ಪಾಗಲು ಬಾವಿ ನೀರು ಕಾರಣವಲ್ಲ

“ಡಿಶ್‌ವಾಶರ್‌ನಲ್ಲಿ ಅಲ್ಯೂಮಿನಿಯಂ ಕಪ್ಪಾದರೆ ಬಾವಿ ನೀರಿನ ಕಬ್ಬಿಣವೇ ಕಾರಣ. ಪೌಡರ್ ಜಾಸ್ತಿ ಹಾಕಿ.”

ಉಡುಪಿಯ ಗ್ರೂಪುಗಳಲ್ಲಿ ಓಡಾಡುತ್ತಿರುವ ಈ ಮಾತು ತಪ್ಪು. ಕಪ್ಪು ಮಾಡುವುದು ಆ ಪೌಡರೇ. ಅದರ ಕ್ಷಾರ ಬಿಸಿನೀರಿನಲ್ಲಿ ಅಲ್ಯೂಮಿನಿಯಂನ ತೆಳುವಾದ ರಕ್ಷಣೆಯ ಪದರವನ್ನು ಕರಗಿಸುತ್ತದೆ. ಆಮೇಲೆ ಮೇಲ್ಮೈ ಬೂದು-ಕಪ್ಪಾಗುತ್ತದೆ. ಪೌಡರ್ ಹೆಚ್ಚಿಸಿದರೆ ಇದೂ ಹೆಚ್ಚುತ್ತದೆ.

ಕಬ್ಬಿಣದ ಕಲೆಯಾದರೆ ಕೆಂಪು-ಕಂದು ಇರುತ್ತದೆ, ಸ್ಟೀಲು, ಗಾಜಿನ ಮೇಲೂ ಕೂರುತ್ತದೆ. ನಮ್ಮ ಮನೆಯಲ್ಲಿ ಇಡ್ಲಿ ತಟ್ಟೆ ಮಾತ್ರ ಕಪ್ಪಾಗಿತ್ತು, ಪಕ್ಕದ ಸ್ಟೀಲ್ ಲೋಟಕ್ಕೆ ಏನೂ ಆಗಿರಲಿಲ್ಲ. ಹುಣಸೆಹುಳಿ ನೀರಿನಲ್ಲಿ ಸ್ವಲ್ಪ ಹೊತ್ತು ಕುದಿಸಿದೆ, ತುಂಬಾ ತಿಳಿಯಾಯಿತು. ಈಗ ಅದನ್ನು ಕೈಯಲ್ಲೇ ತೊಳೆಯುತ್ತೇನೆ.

ಬೆಳ್ಳಿ ಚಮಚದ್ದು ಬೇರೆ ಕಾರಣ: ಮೊಟ್ಟೆಯಂಥ ಆಹಾರದ ಗಂಧಕ. ಮಷಿನ್‌ನಲ್ಲಿ ಸ್ಟೀಲಿಗೆ ತಾಗಿದರೂ ಕಲೆಯಾಗುತ್ತದೆ.

ದಯವಿಟ್ಟು ಆ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ.